ಬೇಳೆ ಸಿಕ್ತಾ? ಹಾಸನದಿಂದ ಕಾರ್ಕ್‌ಗೆ ದಿನಕ್ಕೊಂದು ಮೆಸೇಜು

ಹೋದ ಡಿಸೆಂಬರ್‌ನಲ್ಲಿ ನನ್ನ ಗೆಳತಿ ಐರ್ಲೆಂಡಿನಿಂದ ರಜೆಗೆ ಬಂದಿದ್ದಳು. ನಾವು ಮುಖಾಮುಖಿ ನೋಡಿ ನಾಲ್ಕು ವರ್ಷ ಆಗಿತ್ತು. ಸೀದಾ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ಮೊದಲು ಕೇಳಿದ್ದು ಇದು: ‘ಲ್ಯಾಮಿನೇಷನ್ ಅಜ್ಜ ಇವತ್ತು ಬಂದಿದ್ರೇನೇ?’

ನನ್ನ ನಾದಿನಿ ಪಕ್ಕದಲ್ಲೇ ಇದ್ದಳು. ‘ದೂರದ ಗೆಳೆತನ ಎಲ್ಲ ಆರು ತಿಂಗಳು ಅತ್ತಿಗೆ, ಆಮೇಲೆ ಅವರವರ ಸಂಸಾರ ಅವರವರಿಗೆ’ ಅಂತ ಹಿಂದೆ ಹೇಳಿದ್ದವಳು ಅವಳೇ. ಅವತ್ತು ಅವಳಿಗೆ ನಮ್ಮ ಮಾತಿನ ಒಂದು ತುದಿಯೂ ಸಿಗಲಿಲ್ಲ. ನನಗೆ ತುಂಬಾ ಹೆಮ್ಮೆ ಆಯಿತು. ಅದಕ್ಕೇ ದೂರದ ಈ ಗೆಳೆತನ ಹೇಗೆ ಉಳಿಯಿತು ಅಂತ ಬರೆಯುತ್ತಿದ್ದೇನೆ.

ಅವಳು ನರ್ಸ್. 2014ರಲ್ಲಿ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋದಳು. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿ ಇದ್ದವರು ನಾವು. ಮೊದಲ ಎರಡು-ಮೂರು ವರ್ಷ ನಾನು ಮಾಡಿದ್ದೆಲ್ಲ ಕೈಕೊಟ್ಟಿತು. ಶುರುವಲ್ಲಿ ಫೋನು. ಐಎಸ್‌ಡಿ ನಿಮಿಷಕ್ಕೆ ಹತ್ತು-ಹನ್ನೆರಡು ರೂಪಾಯಿ ಇತ್ತು ಅಂತ ನೆನಪು. ಒಂದು ತಿಂಗಳು ಸಾವಿರದ ನಾನೂರು ಬಿಲ್ ಬಂದು ಮನೆಯಲ್ಲಿ ಮಾತು ಕೇಳಿದೆ. ಆಮೇಲೆ ‘ಪ್ರತಿ ಭಾನುವಾರ ವಿಡಿಯೊ ಕಾಲ್’ ಅಂತ ನಿಯಮ ಮಾಡಿದೆವು. ಅದು ಇನ್ನೂ ಬೇಗ ಕೆಟ್ಟಿತು. ಒಂದು ಭಾನುವಾರ ತಪ್ಪಿದರೆ ಮುಂದಿನ ವಾರ ಎರಡು ವಾರದ ಸುದ್ದಿ ಹೇಳಬೇಕು. ಎರಡು ತಪ್ಪಿದರೆ ಕ್ಷಮೆ ಕೇಳುವುದರಲ್ಲೇ ಹತ್ತು ನಿಮಿಷ. ಮೂರು ತಪ್ಪಿದಾಗ ಫೋನ್ ಮಾಡಲು ಇಬ್ಬರಿಗೂ ಹಿಂಜರಿಕೆ. ಹಾಸ್ಟೆಲ್ ಗೆಳತಿಯರ ವಾಟ್ಸ್ಯಾಪ್ ಗ್ರೂಪ್ ಇದ್ದೇ ಇತ್ತು, ಹದಿನಾಲ್ಕು ಜನ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು ಬಿಟ್ಟರೆ ಬೇರೇನೂ ಇಲ್ಲ. 2017ರಲ್ಲಿ ಸುಮಾರು ಐದು ತಿಂಗಳು ನಮ್ಮಿಬ್ಬರ ಮಧ್ಯೆ ಒಂದು ಅಕ್ಷರವೂ ಓಡಾಡಲಿಲ್ಲ. ಜಗಳ ಇರಲಿಲ್ಲ. ಸುಮ್ನೆ ನಿಂತುಹೋಗಿತ್ತು.

ಮತ್ತೆ ಶುರುವಾಗಿದ್ದು ಆ ಅಜ್ಜನಿಂದ. ನಮ್ಮ ಅಂಗಡಿಗೆ ಒಬ್ಬರು ಅಜ್ಜ ವಾರಕ್ಕೊಮ್ಮೆ ಬರುತ್ತಾರೆ. ಏನಾದರೂ ಒಂದಕ್ಕೆ ಲ್ಯಾಮಿನೇಷನ್ ಮಾಡಿಸುತ್ತಾರೆ. ರೇಷನ್ ಕಾರ್ಡ್, ಕರೆಂಟ್ ಬಿಲ್, ಮೊಮ್ಮಗಳು ಬರೆದ ಆನೆ. ಅವತ್ತು ಒಂದು ಅರಳಿ ಎಲೆ ತಂದಿದ್ದರು. ನಗು ತಡೆಯಲಾಗದೆ ಫೋಟೊ ತೆಗೆದು ಅವಳಿಗೆ ಕಳಿಸಿದೆ. ಕೆಳಗೆ ‘ಇವತ್ತಿನ ಲ್ಯಾಮಿನೇಷನ್’ ಅಂತಷ್ಟೇ ಬರೆದೆ. ‘ಹೇಗಿದ್ದೀಯಾ’ ಇಲ್ಲ, ‘ಯಾಕೆ ಮೆಸೇಜ್ ಮಾಡಲಿಲ್ಲ’ ಇಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ನಾಳೆ ಏನು ತರ್ತಾರೆ ಹೇಳೇ.’

ನನ್ನ ಪದ್ಧತಿಯ ಬೇರು ಅದೇ. ಉತ್ತರ ಕೊಡಲೇಬೇಕು ಅನಿಸದ ಮೆಸೇಜು ಕಳಿಸಬೇಕು. ‘ಹೇಗಿದ್ದೀಯಾ’ ಅಂದರೆ ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಂತು ಬಂದವಳಿಗೆ ಅದೂ ಒಂದು ಕೆಲಸ. ಇವತ್ತು ನೋಡಿದ್ದು ಒಂದು, ಫೋಟೊ ಇದ್ದರೆ ಒಂದು, ಎರಡು ಸಾಲು. ಅಷ್ಟೇ. ಬ್ಲೂ ಟಿಕ್ ಆಯಿತಾ ಅಂತ ನೋಡಬಾರದು. ನಾವಿಬ್ಬರೂ ಅದನ್ನು ಆಫ್ ಮಾಡಿಬಿಟ್ಟೆವು. ಆದರೆ ವಾಯ್ಸ್ ಮೆಸೇಜ್ ಕೇಳಿಸಿಕೊಂಡಿದ್ದು ಆಫ್ ಮಾಡಿದ್ದರೂ ಗೊತ್ತಾಗುತ್ತದೆ, ಅದು ನೆನಪಿರಲಿ.

ಹೊತ್ತಿನ ಲೆಕ್ಕ ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಬೇಸಿಗೆಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೇ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಆದರೆ ನಿಜವಾದ ತೊಂದರೆ ಇದಲ್ಲ, ಅವಳ ಡ್ಯೂಟಿ. ಬೆಳಗಿನ ಎಂಟರಿಂದ ರಾತ್ರಿ ಎಂಟು, ಇಲ್ಲವೇ ರಾತ್ರಿ ಎಂಟರಿಂದ ಬೆಳಗಿನ ಎಂಟು. ಹಗಲು ಡ್ಯೂಟಿ ಇದ್ದರೆ ನಾನು ಮಲಗುವ ಮೊದಲು, ಹತ್ತರ ಒಳಗೆ ಹಾಕಿಬಿಡುತ್ತೇನೆ. ಅವಳು ಬಸ್ಸಿನಲ್ಲಿ ಮನೆಗೆ ಹೋಗುವಾಗ ಓದುತ್ತಾಳೆ. ರಾತ್ರಿ ಡ್ಯೂಟಿ ಇದ್ದರೆ ಅದು ನನಗೆ ಹಬ್ಬ. ಅವಳ ನಡುರಾತ್ರಿ ಮೂರರ ಬಿಡುವು ಬೇಸಿಗೆಯಲ್ಲಿ ಇಲ್ಲಿನ ಏಳೂವರೆ. ನಾನು ಅಂಗಡಿ ಶಟರ್ ಎತ್ತುವ ಹೊತ್ತು. ಆ ಹತ್ತು ನಿಮಿಷ ಇಬ್ಬರೂ ಒಟ್ಟಿಗೆ ಎಚ್ಚರ, ಒಟ್ಟಿಗೆ ಟೀ. ಹಾಗಾಗಿ ಅವಳ ಡ್ಯೂಟಿ ಚಾರ್ಟಿನ ಒಂದು ಪ್ರಿಂಟ್ ನನ್ನ ಕ್ಯಾಷ್ ಡ್ರಾಯರ್ ಒಳಗೆ ಅಂಟಿಸಿಕೊಂಡಿದ್ದೇನೆ. ಬೇರೆ ಯಾವ ಆಪ್‌ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂತು.

ಮೀಮ್ ವಿಷಯಕ್ಕೆ ಬರೋಣ. ಫಾರ್ವರ್ಡ್ ಕಳಿಸುವುದಿಲ್ಲ, ಇದು ಕಟ್ಟುನಿಟ್ಟು. ನನಗೆ ಬರುವ ಹೊತ್ತಿಗೆ ಅದು ಅವಳಿಗೂ ನಾಲ್ಕು ಕಡೆಯಿಂದ ಬಂದಿರುತ್ತದೆ. ಮೇಲೆ ‘ಫಾರ್ವರ್ಡೆಡ್’ ಅಂತ ಚೀಟಿ ಬೇರೆ. ನಾವು ನಮ್ಮದೇ ಮೀಮ್ ಮಾಡುತ್ತೇವೆ, ಹಾಸ್ಟೆಲ್ ಡೇ ದಿನ ತೆಗೆದ ಒಂದು ಗ್ರೂಪ್ ಫೋಟೊದಿಂದ. ಅದರಲ್ಲಿ ಅವಳು ಬಾಯಿ ತುಂಬ ಲಾಡು ಇಟ್ಟುಕೊಂಡು ಕ್ಯಾಮೆರಾ ನೋಡುತ್ತಿದ್ದಾಳೆ. ಹಿಂದಿನ ಸಾಲಿನಲ್ಲಿ ನಾನು ಕಣ್ಣು ಮುಚ್ಚಿ ಸೀನುತ್ತಿದ್ದೇನೆ. 2018ರ ಕೊನೆಗೆ ವಾಟ್ಸ್ಯಾಪ್‌ಗೆ ಸ್ಟಿಕರ್ ಬಂದಾಗ ಆ ಎರಡು ಮುಖ ಕತ್ತರಿಸಿದೆ. ಆಗ ಬೇರೆ ಆಪ್ ಬೇಕಿತ್ತು. 512 ಪಿಕ್ಸೆಲ್ ಚೌಕ, ನೂರು ಕೆಬಿ ಒಳಗೆ, ಒಂದು ಪ್ಯಾಕಿಗೆ ಕನಿಷ್ಠ ಮೂರು. ಕನ್ನಡ ಬರೆಯಲು ಹೋದಾಗ ಫೋನಿನ ಎಡಿಟರ್‌ನಲ್ಲಿ ಒತ್ತಕ್ಷರ ಬಿಡಿ ಬಿಡಿ ಆಗಿ ಬಿತ್ತು. ‘ಅಯ್ಯೋ’ ಅಂತ ಹಾಕಿದರೆ ಯ ಒಂದು ಕಡೆ, ಒತ್ತು ಇನ್ನೊಂದು ಕಡೆ. ಹನ್ನೆರಡು ಸಲ ಮಾಡಿ ಬಿಟ್ಟೆ. ಕೊನೆಗೆ ಅಂಗಡಿ ಕಂಪ್ಯೂಟರಿನ ‘ನುಡಿ’ ಸಾಫ್ಟ್‌ವೇರಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದೆ. ಅಚ್ಚುಕಟ್ಟಾಗಿ ಬಂತು. ಈಗ ನಮ್ಮಿಬ್ಬರ ಹತ್ತಿರ ಸುಮಾರು ಅರವತ್ತು ಇವೆ. ಈಗ ವಾಟ್ಸ್ಯಾಪ್ ಒಳಗೇ ಕತ್ತರಿಸಬಹುದು, ಎರಡು ನಿಮಿಷದ ಕೆಲಸ.

ಒಂದು ಜೋಕನ್ನು ಎಷ್ಟು ದಿನ ಓಡಿಸಬೇಕು ಅನ್ನುವುದೂ ಗೊತ್ತಿರಬೇಕು. ಲಾಡು ಮುಖವನ್ನು ಮೊದಲ ತಿಂಗಳು ದಿನಕ್ಕೆ ಮೂರು ಸಲ ಕಳಿಸಿ ಕೆಡಿಸಿಬಿಟ್ಟಿದ್ದೆ. ಅವಳು ನಗುವುದು ನಿಲ್ಲಿಸಿದ್ದು ಹೇಗೆ ಗೊತ್ತಾಯಿತು ಅಂದರೆ, ತಿರುಗಿ ಏನೂ ಸೇರಿಸುತ್ತಿರಲಿಲ್ಲ. ಜೋಕ್ ಜೀವಂತ ಇದ್ದರೆ ಆ ಕಡೆಯಿಂದ ಇನ್ನೊಂದು ಎಳೆ ಬರುತ್ತದೆ. ಬರೀ ನಗುವ ಎಮೋಜಿ ಬಂದರೆ ಅದನ್ನು ಎತ್ತಿಡಬೇಕು. ನಾಲ್ಕೈದು ತಿಂಗಳು ಬಿಟ್ಟು, ಅವಳು ನಿರೀಕ್ಷೆ ಮಾಡದ ದಿನ ತೆಗೆದರೆ ಮತ್ತೆ ಕೆಲಸ ಮಾಡುತ್ತದೆ.

ನಮ್ಮ ಜೋಕುಗಳಲ್ಲಿ ಅತಿ ಹಳೆಯದು ಬೇಳೆಯದ್ದು. ಹಾಸ್ಟೆಲ್ ಸಾಂಬಾರು ನೀರು ನೀರು. ಸೌಟು ತಳಕ್ಕೆ ಬಿಟ್ಟು ಬೇಳೆ ಹುಡುಕಬೇಕು. ಯಾರ ತಟ್ಟೆಗಾದರೂ ಬಿದ್ದರೆ ಇಡೀ ಟೇಬಲ್ ‘ಬೇಳೆ ಸಿಕ್ತು!’ ಅಂತ ಕೂಗುತ್ತಿತ್ತು. ಈಗ ‘ಬೇಳೆ ಸಿಕ್ತು’ ಅಂದರೆ ಇವತ್ತು ಏನೋ ಒಳ್ಳೆಯದಾಯಿತು. ‘ಬರೀ ನೀರು’ ಅಂದರೆ ಚೆನ್ನಾಗಿರಲಿಲ್ಲ, ಕೇಳಬೇಡ. ಒಂದು ಫೆಬ್ರವರಿಯಲ್ಲಿ ಮೂರು ದಿನ ಸತತ ‘ಬರೀ ನೀರು’ ಬಂತು. ನಾಲ್ಕನೇ ದಿನ ಅಜ್ಜ ಹರಿದ ಚಪ್ಪಲಿ ಬಿಲ್ ಲ್ಯಾಮಿನೇಷನ್ ಮಾಡಿಸಿದ ಫೋಟೊ ಕಳಿಸಿದೆ, ಅವಳಿಂದ ಬಂದದ್ದು ಒಂದು ಹೆಬ್ಬೆರಳು. ಹೆಬ್ಬೆರಳು ಅವಳು ಹಾಕುವವಳೇ ಅಲ್ಲ. ಸೀದಾ ಫೋನ್ ಮಾಡಿದೆ. ಅವಳು ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು ತೀರಿಕೊಂಡಿದ್ದರು, ಇವಳಿಗೂ ಜ್ವರ, ಮನೆಯಲ್ಲಿ ಒಬ್ಬಳೇ. ಒಂದೂವರೆ ಗಂಟೆ ಮಾತಾಡಿದೆವು. ಅರ್ಧ ಹೊತ್ತು ಅವಳು ಅಳುತ್ತಿದ್ದಳು. ದಿನಾ ಬರುವ ಎರಡು ಸಾಲು ಇಲ್ಲದಿದ್ದರೆ ಆ ಒಂದು ಹೆಬ್ಬೆರಳು ನನಗೆ ಏನೂ ಹೇಳುತ್ತಿರಲಿಲ್ಲ. ಇಷ್ಟು ಮಾತ್ರ ಖಂಡಿತ ಹೇಳುತ್ತೇನೆ: ಇಂಥ ದಿನಕ್ಕೆ ಮೀಮ್ ಸಾಲದು. ಅವತ್ತು ದನಿಯೇ ಬೇಕು.

ಇನ್ನು ಹಳೆಯ ಮೆಸೇಜು ಉಳಿಸಿಕೊಳ್ಳುವ ವಿಷಯ. 2017ರ ಮೊದಲಿನ ಮೆಸೇಜುಗಳೆಲ್ಲ ಹೋದವು. ಫೋನ್ ಬದಲಿಸಿದಾಗ ಬ್ಯಾಕಪ್ ಆನ್ ಇರಲಿಲ್ಲ. ಮೊಬೈಲ್ ಅಂಗಡಿ ಹುಡುಗನೊಬ್ಬ ‘ತೆಗೆದುಕೊಡ್ತೀನಿ’ ಅಂತ ಎಂಟುನೂರು ಇಸ್ಕೊಂಡ, ಒಂದು ಸಾಲೂ ಬರಲಿಲ್ಲ. ಈಗ ಗೂಗಲ್ ಡ್ರೈವ್ ಬ್ಯಾಕಪ್. ಮೊದಲು ಅದು ಜಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರಿಂದ ಆಂಡ್ರಾಯ್ಡ್‌ನಲ್ಲೂ ಗೂಗಲ್ ಪುಕ್ಕಟೆ ಕೊಡುವ ಹದಿನೈದು ಜಿಬಿ ಒಳಗೇ ಎಣಿಸುತ್ತಾರೆ. ಫೋಟೊ ಜಾಸ್ತಿ ಆಗಿ ತಿಂಗಳಿಗೆ ಸುಮಾರು ನೂರ ಮೂವತ್ತು ಕಟ್ಟುತ್ತಿದ್ದೇನೆ. ಕಟ್ಟಲು ಇಷ್ಟವಿಲ್ಲದಿದ್ದರೆ ವಿಡಿಯೊ ಬಿಟ್ಟು ಬ್ಯಾಕಪ್ ಮಾಡಿ. ಇನ್ನು ಮೆಸೇಜು ತಾನೇ ಅಳಿಸಿಹೋಗುವ ‘ಡಿಸಪಿಯರಿಂಗ್ ಮೆಸೇಜಸ್’ ಹತ್ತಿರ ಹೋಗಬೇಡಿ. ಜಾಗ ಉಳಿಯಲಿ ಅಂತ ತೊಂಬತ್ತು ದಿನಕ್ಕೆ ಇಟ್ಟಿದ್ದೆ. ಅರಳಿ ಎಲೆ ಸ್ಟಾರ್ ಹಾಕಿಟ್ಟದ್ದರಿಂದಲ್ಲ, ಆ ಸೆಟ್ಟಿಂಗ್ ಹಾಕುವ ಮೊದಲೇ ಕಳಿಸಿದ್ದರಿಂದ ಉಳಿಯಿತು. ಆಮೇಲಿನ ಎಷ್ಟೋ ಒಳ್ಳೆಯವು ಮಾಯ.

ಮಧ್ಯೆ ಬೇರೆ ಬೇರೆ ಪ್ರಯತ್ನ ಮಾಡಿದ್ದುಂಟು. ಒಂದು ತಿಂಗಳು ಫೋಟೊ ಬಿಟ್ಟು ಬರೀ ಸದ್ದು ಕಳಿಸಿದೆ. ಮಂಗಳವಾರದ ಸಂತೆ, ಜೆರಾಕ್ಸ್ ಮಷೀನ್, ಮಳೆ ಶೀಟಿನ ಮೇಲೆ ಬೀಳುವುದು, ತಲಾ ಇಪ್ಪತ್ತು ಸೆಕೆಂಡು. ಮಳೆಯನ್ನು ಅವಳು ರಾತ್ರಿ ಡ್ಯೂಟಿ ಮುಗಿಸಿ ಮಲಗುವಾಗ ಹಾಕಿಕೊಳ್ಳುತ್ತಾಳಂತೆ. ಕಾರ್ಕ್‌ನಲ್ಲಿ ಮಳೆಗೇನು ಬರವೇ ಅಂದೆ. ‘ಇದು ಶೀಟಿನ ಮಳೆ ಕಣೇ’ ಅಂದಳು. ಚಟ್ನಿಪುಡಿ ಪಾರ್ಸೆಲ್ ಒಮ್ಮೆ ಕಳಿಸಿದೆ. ಒಂದೂವರೆ ಕೆಜಿಗೆ ಎರಡು ಸಾವಿರದ ಮೇಲೆ ಆಯಿತು, ಡಬ್ಬಿ ಒಡೆದು ಎಣ್ಣೆ ಎಲ್ಲ ಪೇಪರ್ ಕುಡಿದಿತ್ತು. ಮತ್ತೆ ಕಳಿಸಿಲ್ಲ.

ಎರಡು ವಿಷಯ ಮಾತ್ರ ನಾನು ಹೇಳುವುದಿಲ್ಲ. ಜಗಳ ಆಗಿ ವಾರ ಮಾತು ಬಿಟ್ಟಾಗ ಮೊದಲು ಹೋಗುವ ಆ ಒಂದು ಸ್ಟಿಕರ್ ಯಾವುದು ಅನ್ನುವುದು. ಮತ್ತೆ ಅವಳ ಹುಟ್ಟುಹಬ್ಬದ ದಿನ ನಾನೇನು ಮಾಡುತ್ತೇನೆ ಅನ್ನುವುದು. ಎರಡೂ ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಡಿಸೆಂಬರಿನಲ್ಲಿ ಅವಳು ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಅಜ್ಜ ನಿಜವಾಗಿಯೂ ಬಂದರು. ಕೈಯಲ್ಲಿ ಒಂದು ಬಸ್ ಟಿಕೆಟ್. ಅವಳೇ ಎದ್ದು ಮಷೀನ್ ಬಿಸಿಯಾಗಲು ಬಿಟ್ಟು, ಪೌಚ್ ಒಳಗೆ ಟಿಕೆಟ್ಟನ್ನು ನೇರ ಮಾಡಿ ಇಟ್ಟು, ಲ್ಯಾಮಿನೇಷನ್ ಮಾಡಿಕೊಟ್ಟಳು. ಅಜ್ಜ ಹತ್ತು ರೂಪಾಯಿ ಕೊಟ್ಟರು. ಆ ನೋಟನ್ನು ಅವಳು ಕಾರ್ಕ್‌ಗೆ ತೆಗೆದುಕೊಂಡು ಹೋಗಿದ್ದಾಳೆ.