ಅರಬ್ಬಿ ಸೆಟ್ಟಿಂಗ್ಸ್ ಇದ್ದ ಮೊಬೈಲಿನಲ್ಲಿ ಜಾಗ ಬಿಡಿಸಿದ ಬಗೆ

ಕುಂದಾಪುರದ ನನ್ನ ರಿಪೇರಿ ಅಂಗಡಿಗೆ ಗಲ್ಫ್‌ನಿಂದ ರಜೆಗೆ ಬಂದವರ ಮೊಬೈಲುಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವು ಪೂರ್ತಿ ಅರಬ್ಬಿಯಲ್ಲಿರುತ್ತವೆ. ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸಿಕೊಂಡು ಕೆಲಸ ಮಾಡುವುದು ಸುಲಭ, ಸಾಧ್ಯವಿದ್ದಾಗ ನಾನೂ ಹಾಗೆಯೇ ಮಾಡುತ್ತೇನೆ. ಆದರೆ ಸೌದಿಯ ದಮ್ಮಾಮ್‌ನಲ್ಲಿ ಚಾಲಕರಾಗಿರುವ ಒಬ್ಬರು ತಂದ 64 ಜಿಬಿಯ ಸ್ಯಾಮ್‌ಸಂಗ್ ಮೊಬೈಲು ಕೆಲಸದ ಮಾಲೀಕರು ಕೊಟ್ಟದ್ದು. ಅದರ ಸೆಟ್ಟಿಂಗ್ಸ್ ಏನನ್ನೂ ಬದಲಿಸಬಾರದೆಂದು ಅವರಿಗೆ ಮೊದಲೇ ಹೇಳಲಾಗಿತ್ತು. ಕ್ಯಾಮೆರಾ ಫೋಟೊ ಉಳಿಸಿಕೊಳ್ಳುತ್ತಿರಲಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳು ತೆರೆಯುತ್ತಿರಲಿಲ್ಲ. "ಅಣ್ಣ, ಏನು ಬೇಕಾದರೂ ಅಳಿಸಿ, ವಾಟ್ಸ್‌ಆ್ಯಪ್ ಮಾತ್ರ ಹೋಗಬಾರದು" ಎಂದರು.

ಆ ಮಾತಿನ ಹಿಂದೆ ಗಟ್ಟಿಯಾದ ಕಾರಣವಿತ್ತು. ಅವರ ವಾಟ್ಸ್‌ಆ್ಯಪ್ ಸೌದಿ ನಂಬರಿನದು, ಆ ಸಿಮ್‌ಗೆ ರೋಮಿಂಗ್ ಇರಲಿಲ್ಲ. ಆ್ಯಪ್‌ನ ಡೇಟಾ ಅಳಿಸಿದರೆ ವಾಟ್ಸ್‌ಆ್ಯಪ್ ಹೊಸದಾಗಿ ಹಾಕಿದಂತೆ ತೆರೆದುಕೊಂಡು ನಂಬರನ್ನು ಮತ್ತೆ ದೃಢಪಡಿಸಿ ಎನ್ನುತ್ತದೆ. ದೃಢಪಡಿಸುವ ಒಟಿಪಿ ಇಲ್ಲಿಗೆ ಬರುವುದೇ ಇಲ್ಲ. ಬ್ಯಾಕಪ್ ಇದ್ದರೂ ನಂಬರು ದೃಢಪಡದೆ ಅದು ತೆರೆಯದು. ತಪ್ಪಿ ಒಂದು ಗುಂಡಿ ಒತ್ತಿದರೆ ರಜೆ ಮುಗಿಯುವವರೆಗೆ ಅವರು ಅಲ್ಲಿನವರ ಸಂಪರ್ಕವನ್ನೇ ಕಳೆದುಕೊಳ್ಳುತ್ತಿದ್ದರು.

ಜಾಗ ತಿನ್ನುವವು ಮೂರು ಬಗೆ. ಕ್ಯಾಶೆ ಎಂದರೆ ಆ್ಯಪ್ ತನ್ನ ವೇಗಕ್ಕಾಗಿ ಇಟ್ಟುಕೊಂಡ ಪ್ರತಿಗಳು. ಅಳಿಸಿದರೆ ಅಗತ್ಯವಿದ್ದಾಗ ಮತ್ತೆ ತರಿಸಿಕೊಳ್ಳುತ್ತದೆ. ಡೌನ್‌ಲೋಡ್ ಎಂದರೆ ನಾವೇ ಇಳಿಸಿಕೊಂಡ ಕಡತಗಳು. ಬೇಕೇ ಬೇಡವೇ ಎಂಬುದು ಮಾಲೀಕನಿಗೆ ಮಾತ್ರ ಗೊತ್ತು. ಆ್ಯಪ್ ಡೇಟಾ ಎಂದರೆ ಲಾಗಿನ್, ಸಂದೇಶಗಳು, ಆ್ಯಪ್ ಒಳಗೇ ಉಳಿಸಿಕೊಂಡದ್ದೆಲ್ಲ. ಇಲ್ಲಿ ಅನೇಕರು ಎಡವುವುದು ಒಂದು ವಿಷಯದಲ್ಲಿ: ಯೂಟ್ಯೂಬ್‌ನಲ್ಲಿ ಆಫ್‌ಲೈನ್‌ಗೆ ಇಳಿಸಿದ ವಿಡಿಯೊ, ಗೂಗಲ್ ಮ್ಯಾಪ್ಸ್‌ನಲ್ಲಿ ಇಳಿಸಿದ ನಕ್ಷೆ, ಇವು ಡೌನ್‌ಲೋಡ್ ಫೋಲ್ಡರಿನಲ್ಲಿ ಇರುವುದಿಲ್ಲ. ಅವು ಆ ಆ್ಯಪ್‌ನ ಡೇಟಾದಲ್ಲೇ ಸೇರಿರುತ್ತವೆ.

ಓದಲು ಬಾರದ ಭಾಷೆಯಲ್ಲಿ ಇವನ್ನು ಗುರುತಿಸಲು ನಾನು ಸೆಟ್ಟಿಂಗ್ಸ್‌ನ ದಾರಿ ಹುಡುಕುವುದಿಲ್ಲ. ಆ್ಯಪ್‌ನ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದರೆ ಸುತ್ತು ಹಾಕಿದ "i" ಚಿಹ್ನೆ ಬರುತ್ತದೆ. ಅದನ್ನು ಒತ್ತಿದರೆ ಆ ಆ್ಯಪ್‌ನ ಪುಟ. ಅಲ್ಲಿ ಜಿಬಿ, ಎಂಬಿಯ ಸಂಖ್ಯೆ ಕಾಣುವ ಸಾಲೇ ಸ್ಟೋರೇಜ್. ಒಳಗೆ ಹೋದರೆ ಮೇಲಿನಿಂದ ಕೆಳಕ್ಕೆ ನಾಲ್ಕು ಅಂಕಿಗಳಿರುತ್ತವೆ: ಆ್ಯಪ್, ಡೇಟಾ, ಕ್ಯಾಶೆ, ಒಟ್ಟು. ಭಾಷೆ ಯಾವುದಿದ್ದರೂ ಈ ಮೊಬೈಲಿನಲ್ಲಿ ಈ ಕ್ರಮ ಬದಲಾಗುವುದಿಲ್ಲ. ಮೊದಲ ಮೂರನ್ನು ಕೂಡಿದರೆ ನಾಲ್ಕನೆಯದು ಬರಬೇಕು. ಬಂದರೆ ಸರಿಯಾದ ಪುಟದಲ್ಲಿದ್ದೇವೆ.

ಅಂಕಿಗಳನ್ನು ಓದಲು ಸ್ವಲ್ಪ ರೂಢಿ ಬೇಕು. ಆ ಮೊಬೈಲಿನಲ್ಲಿ ಅಂಕಿಗಳೂ ಅರಬ್ಬಿಯವೇ. ನಮ್ಮ ಸೊನ್ನೆಯಂತೆ ಕಾಣುವ ٥ ಅಲ್ಲಿ ಐದು. ನಿಜವಾದ ಸೊನ್ನೆ ٠, ಅಂದರೆ ಬರೀ ಒಂದು ಚುಕ್ಕೆ. ಏಳರಂತೆ ಕಾಣುವ ٦ ಆರು. ಬರವಣಿಗೆ ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಯನ್ನು ಮಾತ್ರ ನಮ್ಮಂತೆಯೇ ಎಡದಿಂದ ಓದಬೇಕು.

ನಿಜವಾದ ಅಪಾಯ ಗುಂಡಿಗಳಲ್ಲಿದೆ. ಇಂಗ್ಲಿಷಿನಲ್ಲಿ ಡೇಟಾ ಅಳಿಸುವ ಗುಂಡಿ ಎಡಕ್ಕೆ, ಕ್ಯಾಶೆ ಅಳಿಸುವುದು ಬಲಕ್ಕೆ ಇರುತ್ತದೆ. ಅರಬ್ಬಿಯಲ್ಲಿ ಪುಟವೇ ಕನ್ನಡಿಯ ಬಿಂಬದಂತೆ ತಿರುಗುವುದರಿಂದ ಡೇಟಾ ಗುಂಡಿ ಬಲಕ್ಕೆ ಬಂದು ನಿಲ್ಲುತ್ತದೆ. ಅಭ್ಯಾಸದ ಮೇಲೆ ಬಲಗಡೆ ಒತ್ತುವ ಕೈ ನೇರವಾಗಿ ಡೇಟಾಕ್ಕೇ ಹೋಗುತ್ತದೆ. ಕ್ಯಾಶೆಯ ಹೆಸರಿನಲ್ಲಿ المؤقت ಎಂಬ ಪದ ಇರುತ್ತದೆ, ಡೇಟಾದ ಹೆಸರಿನಲ್ಲಿ البيانات. ಆದರೆ ಮೊಬೈಲಿನಿಂದ ಮೊಬೈಲಿಗೆ ಪದಗಳು ಬೇರೆಯಾಗುವುದರಿಂದ ಅಷ್ಟನ್ನೇ ನಂಬಿ ನಾನು ಮುಂದುವರಿಯುವುದಿಲ್ಲ.

ಮೊದಲು ಕಳೆದುಕೊಳ್ಳಲು ಏನೂ ಇಲ್ಲದ ಒಂದು ಆ್ಯಪ್ ಮೇಲೆ ಪರೀಕ್ಷೆ ಮಾಡುತ್ತೇನೆ. ಕ್ಯಾಲ್ಕುಲೇಟರ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಸ್ಟೋರೇಜ್ ಪುಟ ತೆರೆದು ಎಡಗಡೆಯ ಗುಂಡಿ ಒತ್ತಿದೆ. ಮೂರನೆಯ ಸಾಲಿನ ಅಂಕಿ ಚುಕ್ಕೆಯಾಯಿತು, ಗುಂಡಿ ಮಸುಕಾಯಿತು, ಮೊಬೈಲು ಏನನ್ನೂ ಕೇಳಲಿಲ್ಲ. ಅದು ಕ್ಯಾಶೆ. ಬಲಗಡೆಯದನ್ನು ಒತ್ತಿದಾಗ ನಡುವೆ ಒಂದು ಪೆಟ್ಟಿಗೆ ತೆರೆದು ಎರಡು ಆಯ್ಕೆ ಕೊಟ್ಟಿತು. ಅದು ಡೇಟಾ. ಏನನ್ನೂ ಆರಿಸದೆ ಹಿಂದಕ್ಕೆ ಬಂದೆ. ಸ್ಯಾಮ್‌ಸಂಗ್‌ನಲ್ಲಿ ಈ ವ್ಯತ್ಯಾಸ ನಂಬಬಹುದಾದದ್ದು: ಕ್ಯಾಶೆ ಕೇಳದೆ ಹೋಗುತ್ತದೆ, ಡೇಟಾ ಕೇಳಿ ಹೋಗುತ್ತದೆ. ಶಓಮಿಯ ಮೊಬೈಲುಗಳಲ್ಲಿ ಕೆಳಗಿನ ಒಂದೇ ಗುಂಡಿಯೊಳಗೆ ಎರಡೂ ಇರುತ್ತವೆ, ಕ್ಯಾಶೆಗೂ ಒಪ್ಪಿಗೆ ಕೇಳುತ್ತದೆ. ಅಲ್ಲಿ ಕ್ಯಾಲ್ಕುಲೇಟರ್‌ನ ಮೇಲೆ ಒಂದೊಂದನ್ನೇ ಒಪ್ಪಿ, ಯಾವ ಸಾಲಿನ ಅಂಕಿ ಇಳಿಯಿತೆಂದು ನೋಡಿಯೇ ತೀರ್ಮಾನಿಸಬೇಕು.

ಇಷ್ಟು ಖಚಿತವಾದ ಮೇಲೆ ದೊಡ್ಡ ಆ್ಯಪ್‌ಗಳತ್ತ ಹೋದೆ. ಕಿರು ವಿಡಿಯೊಗಳ ಒಂದು ಆ್ಯಪ್‌ನಲ್ಲಿ ಸುಮಾರು 3 ಜಿಬಿ ಕ್ಯಾಶೆ ಇತ್ತು, ಬ್ರೌಸರಿನಲ್ಲಿ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು. ಎರಡನ್ನೂ ಅಳಿಸಿದೆ. ಇದು ಬಾಳುವ ಪರಿಹಾರವಲ್ಲ. ಆ್ಯಪ್ ಬಳಸಿದಂತೆ ಕ್ಯಾಶೆ ಮತ್ತೆ ಬೆಳೆಯುತ್ತದೆ, ಜಾಗ ತೀರಾ ಕಡಿಮೆಯಾದಾಗ ಆಂಡ್ರಾಯ್ಡ್ ತಾನೇ ಅದನ್ನು ಅಳಿಸುವುದೂ ಉಂಟು. ಆದರೂ ತುಂಬಿ ನಿಂತ ಮೊಬೈಲಿನಲ್ಲಿ ಮುಂದಿನ ಕೆಲಸ ಮಾಡಲು ಉಸಿರಾಡುವಷ್ಟು ಜಾಗ ಇದರಿಂದ ಸಿಗುತ್ತದೆ. ಮ್ಯಾಪ್ಸ್‌ನಲ್ಲಿ ಕ್ಯಾಶೆ ಚಿಕ್ಕದು, ಡೇಟಾ 1 ಜಿಬಿಗಿಂತ ಹೆಚ್ಚು. ಅದು ಅವರು ಲಾರಿ ಓಡಿಸುವ ದಾರಿಯ ಆಫ್‌ಲೈನ್ ನಕ್ಷೆಗಳು. ಮುಟ್ಟಲಿಲ್ಲ.

ಡೌನ್‌ಲೋಡ್ ಫೋಲ್ಡರನ್ನು ಗೆರೆಯ ಮೇಲೆ ಇಳಿಯುವ ಬಾಣದ ಚಿಹ್ನೆಯಿಂದ ಗುರುತಿಸಬಹುದು. ಮೊಬೈಲಿನ ಪರದೆಯಲ್ಲಿ ತಡಕಾಡುವುದಕ್ಕಿಂತ ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸುವುದು ನನಗೆ ಮೇಲು. ಅಲ್ಲಿ ಫೋಲ್ಡರಿನ ಹೆಸರು ಯಾವ ಭಾಷೆಯ ಮೊಬೈಲಾದರೂ Download ಎಂದೇ ಇರುತ್ತದೆ, ಕ್ಯಾಮೆರಾದ ಫೋಟೊಗಳು DCIM ಎಂಬುದರಲ್ಲಿ. ಗಾತ್ರದ ಪ್ರಕಾರ ಜೋಡಿಸಿದಾಗ ಎರಡು ಸಿನಿಮಾ, ಒಂದೇ ಪಿಡಿಎಫ್‌ನ (1), (2) ಎಂದು ಮುಗಿಯುವ ಪ್ರತಿಗಳು, ಹಳೆಯ ಆ್ಯಪ್‌ಗಳ .apk ಕಡತಗಳು ಸಿಕ್ಕವು. ಪಿಡಿಎಫ್‌ಗಳಲ್ಲಿ ಅವರ ಇಕಾಮಾದ, ಅಂದರೆ ಸೌದಿಯ ವಾಸದ ಪರವಾನಗಿಯ ಪ್ರತಿ, ವಿಮಾನದ ಟಿಕೆಟ್ ಕೂಡ ಇದ್ದವು. ಅದಕ್ಕಾಗಿಯೇ ಡೌನ್‌ಲೋಡನ್ನು ಒಟ್ಟಿಗೆ ಆರಿಸಿ ಅಳಿಸಬಾರದೆನ್ನುತ್ತೇನೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿ ತೆಗೆದಾಗ 6 ಜಿಬಿಯಷ್ಟು ಖಾಲಿಯಾಯಿತು.

ಉಳಿದದ್ದು ವಾಟ್ಸ್‌ಆ್ಯಪ್, ಎಲ್ಲಕ್ಕಿಂತ ದೊಡ್ಡದು, 17 ಜಿಬಿ. ಅದರ ಸ್ಟೋರೇಜ್ ಪುಟಕ್ಕೆ ನಾನು ಹೋಗಲೇ ಇಲ್ಲ. ಆ್ಯಪ್‌ನೊಳಗಿನ ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ನಿರ್ವಹಣೆಯ ಪುಟವಿದೆ. 5 ಎಂಬಿಗಿಂತ ದೊಡ್ಡವು, ಅನೇಕ ಬಾರಿ ಫಾರ್ವರ್ಡ್ ಆದವು ಎಂದು ಅದು ವಿಂಗಡಿಸಿ ತೋರಿಸುತ್ತದೆ. ಅಲ್ಲಿಂದ ಅಳಿಸಿದರೆ ವಿಡಿಯೊ ಹೋಗುತ್ತದೆ, ಖಾತೆಗೆ ಏನೂ ಆಗುವುದಿಲ್ಲ. ಮೊದಲು ಮಗಳ ಫೋಟೊಗಳನ್ನು, ಮನೆಯವರ ವಿಡಿಯೊಗಳನ್ನು Android/media/com.whatsapp ಫೋಲ್ಡರಿನಿಂದ ಪೆನ್‌ಡ್ರೈವಿಗೆ ನಕಲು ಮಾಡಿಕೊಟ್ಟೆ. ಆಮೇಲೆ ಫಾರ್ವರ್ಡ್ ವಿಡಿಯೊಗಳನ್ನು ತೆಗೆದಾಗ 17 ಇದ್ದದ್ದು 6ಕ್ಕೆ ಇಳಿಯಿತು.

ಇಷ್ಟಾದರೂ ಗ್ಯಾಲರಿಯಿಂದ ಅಳಿಸಿದ್ದ ವಿಡಿಯೊಗಳ ಜಾಗ ಮಾತ್ರ ಬಿಟ್ಟಿರಲಿಲ್ಲ. ಅವು ಕಸದ ಬುಟ್ಟಿಯ ಚಿಹ್ನೆಯ ಫೋಲ್ಡರಿನಲ್ಲಿ ಕುಳಿತಿದ್ದವು. ಅಲ್ಲಿ ಅವು 30 ದಿನ ಉಳಿಯುತ್ತವೆ, ಅಷ್ಟೂ ದಿನ ಜಾಗ ಹಿಡಿದಿರುತ್ತವೆ. ಅವರಿಗೆ ತೋರಿಸಿ, ಒಪ್ಪಿಗೆ ಪಡೆದು ಬುಟ್ಟಿ ಖಾಲಿ ಮಾಡಿದ ಮೇಲೆ ಸ್ಟೋರೇಜ್ ಪಟ್ಟಿ ಬಲಗಡೆಯಿಂದ ಅರ್ಧದಷ್ಟು ಮಾತ್ರ ತುಂಬಿತ್ತು.