ನಿಮ್ಮ ಉಪನ್ಯಾಸಗಳ ಪಟ್ಟಿಯಲ್ಲಿ ಹಾಜರಿಯ ಸಂಖ್ಯೆ ಬರೆಯುವುದು ಹೇಗೆ?

ತರಬೇತುದಾರರ ಪಟ್ಟಿಯಲ್ಲಿ ‘300ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು’ ಎಂಬ ಸಾಲು ಕಂಡರೆ ಅನುಭವಿ ಆಯೋಜಕರಿಗೆ ಮೊದಲು ಬರುವ ಪ್ರಶ್ನೆ ಒಂದೇ: 300 ಮಂದಿ ಹೆಸರು ನೋಂದಾಯಿಸಿದ್ದರೋ, ಬಂದಿದ್ದರೋ, ಕೊನೆಯವರೆಗೆ ಕೂತಿದ್ದರೋ? ಉಚಿತ ವೆಬಿನಾರ್‌ಗಳಲ್ಲಿ ಹೆಸರು ಕೊಟ್ಟವರಿಗೂ ಬಂದವರಿಗೂ ಭಾರಿ ಅಂತರ ಇರುವುದು ಅವರಿಗೆ ಗೊತ್ತು. ಸಂಖ್ಯೆಯ ಪಕ್ಕದಲ್ಲಿ ಅದು ಯಾವುದರ ಲೆಕ್ಕ ಎಂದು ಬರೆದಿದ್ದರೆ ಆ ಅನುಮಾನ ಅಲ್ಲೇ ನಿಲ್ಲುತ್ತದೆ. ಹಾಗೆ ಬರೆಯಲು ಒಂದು ವೆಬಿನಾರನ್ನೇ ಹಿಡಿದು, ವರದಿಯಿಂದ ಪಟ್ಟಿಯ ಸಾಲಿನವರೆಗೆ ಹೋಗೋಣ.

ಮೊದಲು ವರದಿ ಕೈಗೆ ಬರಲಿ

ವೆಬಿನಾರ್ ನಡೆಯುವುದು ಸಾಮಾನ್ಯವಾಗಿ ಆಯೋಜಕರ ಖಾತೆಯಲ್ಲಿ. ಹಾಜರಿ ವರದಿಯೂ ಅವರ ಬಳಿಯೇ ಇರುತ್ತದೆ, ಭಾಷಣಕಾರರಿಗೆ ತಾನಾಗಿ ಬರುವುದಿಲ್ಲ. ಕಾರ್ಯಕ್ರಮ ಮುಗಿದ ವಾರದೊಳಗೆ ಕೇಳಿಬಿಡಿ. ಇಂಥ ವರದಿಗಳು ಎಲ್ಲ ಕಡೆಯೂ ಶಾಶ್ವತವಾಗಿ ಉಳಿಯುವುದಿಲ್ಲ, ಖಾತೆ ನೋಡಿಕೊಳ್ಳುವ ಸಿಬ್ಬಂದಿಯೂ ಬದಲಾಗುತ್ತಾರೆ. ಭಾಗವಹಿಸಿದವರ ಹೆಸರು, ಇಮೇಲ್ ಹಂಚಿಕೊಳ್ಳಲು ಆಯೋಜಕರು ಹಿಂಜರಿದರೆ ಒತ್ತಾಯಿಸಬೇಡಿ, ಅವರ ಹಿಂಜರಿಕೆ ಸರಿಯಾದದ್ದೇ. ಎಣಿಸುವ ವಿಧಾನ ತಿಳಿಸಿ, ಬರೀ ಸಂಖ್ಯೆಗಳನ್ನು ಕಳಿಸಿಕೊಡಿ ಎನ್ನಿ.

ಸಾಲುಗಳನ್ನಲ್ಲ, ಜನರನ್ನು ಎಣಿಸಿ

ಜೂಮ್ ವೆಬಿನಾರ್‌ನ ಹಾಜರಿ ವರದಿ ಒಂದು CSV ಕಡತ. ಅದನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು, ಕೆಳಗೆ ಎಷ್ಟು ಸಾಲುಗಳಿವೆ ಎಂದು ನೋಡಿ ಅದನ್ನೇ ಹಾಜರಿ ಎಂದು ಬರೆಯುವವರಿದ್ದಾರೆ. ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ. ನೋಂದಾಯಿಸಿ ಬಾರದೇ ಉಳಿದವರಿಗೂ ಅದರಲ್ಲಿ ಒಂದೊಂದು ಸಾಲಿದೆ. ಅವರ ಹೆಸರಿನ ಮುಂದೆ `Attended` ಕಾಲಂನಲ್ಲಿ `No` ಎಂದಿರುತ್ತದೆ. ಇಂಟರ್‌ನೆಟ್ ಕಡಿದು ಮತ್ತೆ ಒಳಗೆ ಬಂದವರಿಗೆ, ಬಂದಷ್ಟು ಸಲವೂ ಹೊಸ ಸಾಲು ಸೇರುತ್ತದೆ. ಒಬ್ಬರೇ ನಾಲ್ಕು ಸಲ ಬಂದು ಹೋದರೆ ನಾಲ್ಕು ಸಾಲು.

ಉದಾಹರಣೆಗೆ, 60 ನಿಮಿಷ ನಡೆದ ಒಂದು ವೆಬಿನಾರ್‌ಗೆ 312 ಮಂದಿ ನೋಂದಾಯಿಸಿದ್ದರು ಎಂದುಕೊಳ್ಳಿ. ವರದಿಯಲ್ಲಿ 369 ಸಾಲುಗಳಿವೆ. ಅವುಗಳಲ್ಲಿ 128 ಸಾಲು ಬಾರದವರದು, ಉಳಿದ 241 ಸಾಲು ಬಂದವರದು. ಮೂರು ಕಾಲಂಗಳನ್ನು ಮಾತ್ರ ಹೊಸ ಹಾಳೆಗೆ ತನ್ನಿ: A ಕಾಲಂನಲ್ಲಿ `Attended`, B ಕಾಲಂನಲ್ಲಿ `Email`, C ಕಾಲಂನಲ್ಲಿ ಒಳಗಿದ್ದ ನಿಮಿಷಗಳು. ಆತಿಥೇಯರು ಮತ್ತು ಭಾಷಣಕಾರರ ವಿವರ ವರದಿಯಲ್ಲಿ ಬೇರೆ ಭಾಗದಲ್ಲಿರುತ್ತದೆ, ಅದನ್ನು ಸೇರಿಸಬೇಡಿ. ಆಮೇಲೆ ಗೂಗಲ್ ಶೀಟ್ಸ್‌ನಲ್ಲಿ ಈ ಎರಡು ಸೂತ್ರ ಸಾಕು:

```
=COUNTUNIQUE(FILTER(B2:B370, A2:A370="Yes"))
=SUMIF(A2:A370, "Yes", C2:C370)/60
```

ಮೊದಲನೆಯದು ಬೇರೆಬೇರೆ ಇಮೇಲ್‌ಗಳನ್ನು ಎಣಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 184. ಎಂದರೆ 312ರಲ್ಲಿ 128 ಕಳೆದಷ್ಟು, ತಾಳೆಯಾಯಿತು. ತಾಳೆಯಾಗದಿದ್ದರೆ ಯಾರೋ ಒಬ್ಬರು ಎರಡು ಇಮೇಲ್‌ನಿಂದ ಬಂದಿರಬಹುದು, ಇಲ್ಲವೇ ಇಮೇಲ್ ಖಾಲಿ ಇರುವ ಸಾಲುಗಳಿರಬಹುದು. ಎರಡನೆಯ ಸೂತ್ರ ಎಲ್ಲರೂ ಕೂತ ನಿಮಿಷಗಳನ್ನು ಕೂಡಿಸಿ, ಕಾರ್ಯಕ್ರಮದ 60 ನಿಮಿಷಕ್ಕೆ ಭಾಗಿಸುತ್ತದೆ. ಒಟ್ಟು 6,900 ನಿಮಿಷ ಇದ್ದರೆ ಉತ್ತರ 115. ಯಾವುದೇ ಕ್ಷಣದಲ್ಲಿ ಸರಾಸರಿ 115 ಮಂದಿ ಕೇಳುತ್ತಿದ್ದರು ಎಂದು ಇದರ ಅರ್ಥ. ಶುರುವಾಗುವ ಮೊದಲೇ ಬಂದು ಕಾದವರ ನಿಮಿಷಗಳೂ ಇದರಲ್ಲಿ ಸೇರುವುದರಿಂದ ಈ ಸರಾಸರಿ ತುಸು ಉಬ್ಬಿರುತ್ತದೆ.

ಇನ್ನೊಂದು ಸೋಸುವಿಕೆಯನ್ನು ನಾನು ತಪ್ಪದೆ ಮಾಡಿಸುತ್ತೇನೆ. ಲಿಂಕ್ ಒತ್ತಿ, ಇಣುಕಿ, ಎರಡು ನಿಮಿಷದಲ್ಲಿ ಹೊರಟವರನ್ನು ಕೇಳುಗರು ಎನ್ನಲಾಗದು. ಪಿವಟ್ ಟೇಬಲ್‌ನಲ್ಲಿ ಪ್ರತಿ ಇಮೇಲ್‌ನ ಒಟ್ಟು ನಿಮಿಷ ಕೂಡಿಸಿ, 5 ನಿಮಿಷಕ್ಕಿಂತ ಕಡಿಮೆ ಇದ್ದವರನ್ನು ಬಿಡಿ. ಕೂಡಿಸುವ ಮೊದಲೇ ಸಾಲುಗಳನ್ನು ಅಳಿಸಬೇಡಿ; ಸಂಪರ್ಕ ಪದೇಪದೇ ಕಡಿದು, ಮೂರು ಮೂರು ನಿಮಿಷದಂತೆ ಪೂರ್ತಿ ಕೇಳಿದವರು ಆಗ ಲೆಕ್ಕದಿಂದಲೇ ಹೋಗಿಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಒಟ್ಟು 5 ನಿಮಿಷವೂ ಇರದ 16 ಮಂದಿಯನ್ನು ಬಿಟ್ಟರೆ 168 ಉಳಿಯುತ್ತದೆ.

ನೋಂದಣಿಯೇ ಇಲ್ಲದ ವೆಬಿನಾರ್ ಆದರೆ ಇಷ್ಟು ನಿಖರತೆ ಸಾಧ್ಯವಿಲ್ಲ. ಇಮೇಲ್ ಬದಲು ಫೋನಿನ ಮಾದರಿಯ ಹೆಸರೇ ಹತ್ತು ಸಾಲಿನಲ್ಲಿ ಇರಬಹುದು, ಅವು ಹತ್ತು ಜನವೋ ಒಬ್ಬರೋ ಹೇಳಲಾಗದು. ಆಗ ಒಂದೇ ಹೊತ್ತಿಗೆ ಇದ್ದ ಗರಿಷ್ಠ ಸಂಖ್ಯೆಯನ್ನು ಬರೆಯಿರಿ. ಪ್ರಶ್ನೋತ್ತರ ಶುರುವಾಗುವ ಮುನ್ನ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ಆಯೋಜಕರ ಕಡೆಯವರು ಗುರುತು ಹಾಕಿಕೊಂಡರೂ ನಡೆಯುತ್ತದೆ.

ಕಾರ್ಯಾಗಾರ ಮತ್ತು ಸಭಾಂಗಣ

ಕಾರ್ಯಾಗಾರದಲ್ಲಿ ಸಂಖ್ಯೆ ಚಿಕ್ಕದಿದ್ದರೆ ಅದು ಕೊರತೆಯಲ್ಲ. ಗುಂಪು ಚಟುವಟಿಕೆ ಇರುವ ತರಬೇತಿಯನ್ನು ನೀವು 25 ಮಂದಿಗೆ ಮಾಡಿದ್ದೀರೋ 75 ಮಂದಿಗೆ ಮಾಡಿದ್ದೀರೋ ಎಂಬುದು ಕರೆಯುವವರಿಗೆ ತುಂಬ ಮುಖ್ಯ. ಆದ್ದರಿಂದ 25 ಮಂದಿಯ ಮೂರು ತಂಡಗಳಿಗೆ ಕಲಿಸಿದ್ದನ್ನು ‘75 ಮಂದಿ’ ಎಂದು ಕೂಡಿಸದೆ, ‘3 ತಂಡ, ತಂಡಕ್ಕೆ 25 ಮಂದಿ’ ಎಂದೇ ಬರೆಯಿರಿ. ಎರಡು ದಿನದ್ದಾದರೆ ಎರಡನೆಯ ದಿನ ಮಧ್ಯಾಹ್ನದ ಹಾಜರಿಯನ್ನು ಹಿಡಿಯಿರಿ.

ಸಭಾಂಗಣದ ಉಪನ್ಯಾಸಕ್ಕೆ ಸಹಿಪುಸ್ತಕ ಇರುವುದು ಅಪರೂಪ. ಆಸನಗಳ ಸಂಖ್ಯೆಯನ್ನು ಸಭಿಕರ ಸಂಖ್ಯೆ ಎಂದು ಬರೆಯಬೇಡಿ. ಹಿಂದಿನ ಸಾಲಿನಿಂದ ಯಾರಾದರೂ ಒಂದು ಫೋಟೊ ತೆಗೆದಿದ್ದರೆ, ಒಂದು ಸಾಲಿನ ಜನರನ್ನು ಎಣಿಸಿ ತುಂಬಿದ ಸಾಲುಗಳಿಂದ ಗುಣಿಸಿ, ಮುಂದೆ ‘ಸುಮಾರು’ ಸೇರಿಸಿ.

ರೆಕಾರ್ಡಿಂಗ್: ನಿಮ್ಮ ಮಾತು ಶುರುವಾಗುವಲ್ಲಿಗೆ ಕೊಂಡಿ

ಲಿಂಕ್ ಒತ್ತಿದವರಿಗೆ ಮೊದಲು ಸ್ವಾಗತ, ಪರಿಚಯ, ‘ನನ್ನ ಧ್ವನಿ ಕೇಳಿಸುತ್ತಿದೆಯಾ’ ಎಂಬುದೇ ಸಿಕ್ಕರೆ ಅವರು ಕಾಯುವುದಿಲ್ಲ. ಯೂಟ್ಯೂಬ್ ವಿಡಿಯೊ ಆದರೆ ಕೊಂಡಿಯ ಕೊನೆಗೆ ಸಮಯವನ್ನು ಸೆಕೆಂಡುಗಳಲ್ಲಿ ಸೇರಿಸಬಹುದು. ನಿಮ್ಮ ಮಾತು 8 ನಿಮಿಷ 20 ಸೆಕೆಂಡಿಗೆ ಶುರುವಾಗಿದ್ದರೆ, ಅದು 500 ಸೆಕೆಂಡ್. ಐದು ಸೆಕೆಂಡ್ ಹಿಂದಕ್ಕೆ ಇಟ್ಟರೆ ಮೊದಲ ಪದ ತುಂಡಾಗುವುದಿಲ್ಲ:

```
https://youtu.be/VIDEO_ID?t=495
```

`VIDEO_ID` ಇರುವಲ್ಲಿ ನಿಮ್ಮ ವಿಡಿಯೊದ ಗುರುತು ಬರುತ್ತದೆ. ಪಟ್ಟಿಗೆ ಹಾಕುವ ಮುನ್ನ, ಯಾವ ಖಾತೆಗೂ ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ ಕೊಂಡಿಯನ್ನು ತೆರೆದು ನೋಡಿ. `Unlisted` ಆಗಿರುವ ವಿಡಿಯೊ ಕೊಂಡಿ ಇದ್ದ ಯಾರಿಗಾದರೂ ತೆರೆದುಕೊಳ್ಳುತ್ತದೆ. `Private` ಆದರೆ ಆಹ್ವಾನ ಪಡೆದವರಿಗೆ ಮಾತ್ರ. ನಿಮಗೆ ಆಹ್ವಾನ ಇದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಎರಡೂ ತೆರೆಯುವುದರಿಂದ ವ್ಯತ್ಯಾಸವೇ ತಿಳಿಯದು. ಜೂಮ್‌ನ ಕ್ಲೌಡ್ ರೆಕಾರ್ಡಿಂಗ್ ಕೊಂಡಿಯನ್ನು ಪಟ್ಟಿಯಲ್ಲಿ ಹಾಕುವುದು ಬೇಡವೆಂದೇ ನನ್ನ ಸಲಹೆ. ಪಾಸ್‌ಕೋಡ್ ಕೇಳಬಹುದು, ಜಾಗ ತುಂಬಿದಾಗ ಆಯೋಜಕರು ಅಳಿಸಲೂಬಹುದು. ಅದರ ಬದಲು ನಿಮ್ಮ ಮಾತಿನ ಭಾಗದ ಪ್ರತಿಯನ್ನು ಕೇಳಿ ಪಡೆದು, ಅದನ್ನು ಪ್ರಕಟಿಸಲು ಲಿಖಿತ ಒಪ್ಪಿಗೆಯನ್ನೂ ಪಡೆಯಿರಿ. ಭಾಗವಹಿಸಿದವರ ಮುಖ, ಹೆಸರು, ಪ್ರಶ್ನೆ ಅದರಲ್ಲಿದ್ದರೆ ಆ ಭಾಗ ಕತ್ತರಿಸಿ.

ವಿಡಿಯೊಗೆ ಆಮೇಲೆ ಬಂದ ವೀಕ್ಷಣೆಗಳನ್ನು ಹಾಜರಿಗೆ ಕೂಡಿಸಬಾರದು. ಒಬ್ಬರೇ ಮೂರು ಸಲ ನೋಡಿದರೂ ಅವು ಮೂರು ವೀಕ್ಷಣೆಗಳಾಗಬಹುದು. ಹೇಳಲೇಬೇಕಿದ್ದರೆ ಯಾವ ತಿಂಗಳ ಲೆಕ್ಕ ಎಂದು ನಮೂದಿಸಿ ಪ್ರತ್ಯೇಕವಾಗಿ ಬರೆಯಿರಿ.

ಇಷ್ಟಾದ ಮೇಲೆ ನಮ್ಮ ವೆಬಿನಾರ್‌ನ ಸಾಲು ಹೀಗೆ ನಿಲ್ಲುತ್ತದೆ: ದಿನಾಂಕ, ವಿಷಯ, ಆಯೋಜಕರು, ‘ವೆಬಿನಾರ್, 60 ನಿಮಿಷ. ಕೇಳಿದವರು 168 (5 ನಿಮಿಷಕ್ಕಿಂತ ಕಡಿಮೆ ಇದ್ದವರನ್ನು ಬಿಟ್ಟು), ಸರಾಸರಿ 115. ರೆಕಾರ್ಡಿಂಗ್ ಇದೆ.’ 312 ಎಂಬ ದೊಡ್ಡ ಸಂಖ್ಯೆ ಬಿಡಲು ಮನಸ್ಸಿಲ್ಲದಿದ್ದರೆ ‘ನೋಂದಣಿ 312’ ಎಂದು ಅದರ ಹೆಸರಿನಿಂದಲೇ ಸೇರಿಸಿ. ದಾಖಲೆಯೇ ಸಿಗದ ಹಳೆಯ ಉಪನ್ಯಾಸಗಳಿಗೆ ಆಯೋಜಕರನ್ನು ಒಮ್ಮೆ ಕೇಳಿ ನೋಡಿ. ಅವರಿಗೂ ನೆನಪಿಲ್ಲದಿದ್ದರೆ ದಿನಾಂಕ ಮತ್ತು ವಿಷಯ ಬರೆದು ಹಾಜರಿಯ ಜಾಗವನ್ನು ಖಾಲಿ ಬಿಡಿ.