ಲೋಡ್ ಸೆಲ್‌ನ ನಾಲ್ಕು ವೈರ್: ಮೊದಲು ಮಲ್ಟಿಮೀಟರ್, ಆಮೇಲೆ ಬೆಸುಗೆ

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯೊಂದಕ್ಕೆ ಅರ್ಧ ಕೆಜಿ ಪ್ಯಾಕೆಟ್ ತೂಗುವ ಯಂತ್ರ ಮಾಡಬೇಕು ಎಂದುಕೊಳ್ಳಿ. ಮೆಕಟ್ರಾನಿಕ್ಸ್ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ಕೆಲಸ. ಬೇಕಾಗುವುದು ಭಾರವನ್ನು ವಿದ್ಯುತ್ ಸಂಕೇತವಾಗಿಸುವ, 10 ಕೆಜಿ ಸಾಮರ್ಥ್ಯದ ಅಲ್ಯೂಮಿನಿಯಂ ಪಟ್ಟಿಯಂಥ ಲೋಡ್ ಸೆಲ್, ಆ ಪುಟ್ಟ ಸಂಕೇತವನ್ನು ಸಂಖ್ಯೆಯಾಗಿಸುವ HX711 ಬೋರ್ಡ್, ಒಂದು ಆರ್ಡುಯಿನೊ.

ಪಟ್ಟಿಯ ನಡುವೆ ಕೊರೆದ ಜೋಡಿ ತೂತಿನಿಂದಾಗಿ ಅಲ್ಲಿ ಲೋಹ ತೆಳ್ಳಗಿರುತ್ತದೆ. ಆ ತೆಳು ಜಾಗದ ಮೇಲೆ, ಹಿಗ್ಗಿದರೆ ಕುಗ್ಗಿದರೆ ರೋಧ ಬದಲಾಗುವ ನಾಲ್ಕು ಸ್ಟ್ರೇನ್ ಗೇಜ್ ಅಂಟಿಸಿರುತ್ತಾರೆ. ಭಾರ ಬಿದ್ದಾಗ ಎರಡು ಗೇಜ್ ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ಪ್ರತಿ ಗೇಜ್‌ನ ರೋಧ 1000 ಓಮ್, ಹಿಗ್ಗಿನ ಎಷ್ಟು ಪಟ್ಟು ರೋಧ ಬದಲಾಗುತ್ತದೆ ಎಂದು ಹೇಳುವ ಗೇಜ್ ಫ್ಯಾಕ್ಟರ್ 2 ಇದ್ದು, ಪೂರ್ತಿ 10 ಕೆಜಿಗೆ ಲೋಹ 500 ಮೈಕ್ರೊಸ್ಟ್ರೇನ್, ಅಂದರೆ ಉದ್ದದ ಹತ್ತು ಲಕ್ಷದಲ್ಲಿ 500 ಪಾಲು ಹಿಗ್ಗಿದರೆ ರೋಧ ಬದಲಾಗುವುದು ಬರೀ 1 ಓಮ್. ಒಂದು ಗ್ರಾಂಗೆ ಓಮ್‌ನ ಹತ್ತು ಸಾವಿರದಲ್ಲೊಂದು ಪಾಲು! ಇದನ್ನು ಮಲ್ಟಿಮೀಟರ್‌ನಿಂದ ನೇರವಾಗಿ ಅಳೆಯಲಾಗದು.

ಬಿಸಿಯ ಕಾಟ ಇದಕ್ಕಿಂತ ದೊಡ್ಡದು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರೊಸ್ಟ್ರೇನ್ ಹಿಗ್ಗಿದರೆ ಉಕ್ಕು ಹಿಗ್ಗುವುದು ಸುಮಾರು 11. ಉಕ್ಕಿನ ಹಿಗ್ಗಿಗೆ ಹೊಂದಿಸಿದ ಒಂದೇ ಗೇಜನ್ನು ಅಲ್ಯೂಮಿನಿಯಂ ಮೇಲೆ ಅಂಟಿಸಿದ್ದರೆ, ಬೆಳಗಿನ ಚಳಿ ಕಳೆದು ಮಧ್ಯಾಹ್ನಕ್ಕೆ 10 ಡಿಗ್ರಿ ಏರುವಷ್ಟರಲ್ಲಿ 120 ಮೈಕ್ರೊಸ್ಟ್ರೇನ್ ಸುಳ್ಳು ಹಿಗ್ಗು ಸೇರಿಕೊಳ್ಳುತ್ತದೆ. ಅಂದರೆ ತಟ್ಟೆ ಖಾಲಿ ಇದ್ದರೂ 2.4 ಕೆಜಿ ತೂಕ! ನಾಲ್ಕೂ ಗೇಜ್‌ಗಳನ್ನು ಚೌಕವಾಗಿ ಜೋಡಿಸುವ ವೀಟ್‌ಸ್ಟನ್ ಬ್ರಿಡ್ಜ್‌ನಲ್ಲಿ ಹಾಗಾಗುವುದಿಲ್ಲ. ಬಿಸಿ ನಾಲ್ಕನ್ನೂ ಒಂದೇ ಸಮನೆ ಬದಲಿಸುವುದರಿಂದ ಆ ಬದಲಾವಣೆ ಹೊಡೆದುಹೋಗುತ್ತದೆ. ಭಾರದಿಂದ ಎರಡು ಹೆಚ್ಚಿ ಎರಡು ತಗ್ಗುವುದರಿಂದ ಅದಷ್ಟೂ ಕೂಡಿ ಹೊರಬರುತ್ತದೆ.

ಈಗ ವೈರ್. E+ ಮತ್ತು E- ಬ್ರಿಡ್ಜ್‌ಗೆ ವಿದ್ಯುತ್ ಕೊಡುವವು, A+ ಮತ್ತು A- ಸಂಕೇತ ಹೊರತರುವವು. ಕೆಂಪು E+, ಕಪ್ಪು E-, ಬಿಳಿ A-, ಹಸಿರು A+ ಎಂಬುದು ಸಾಮಾನ್ಯ ರೂಢಿ. ಆದರೆ ಬಣ್ಣವನ್ನೇ ನಂಬಿ ಬೆಸುಗೆ ಹಾಕಬೇಡಿ. ನಾಲ್ಕು ವೈರ್‌ಗಳಲ್ಲಿ ಆರು ಜೋಡಿ ಆಗುತ್ತವೆ, ಆರನ್ನೂ ಅಳೆದು ಬರೆದಿಡಿ. ಎರಡು ಜೋಡಿಯಲ್ಲಿ ಸುಮಾರು 1000 ಓಮ್, ಉಳಿದ ನಾಲ್ಕರಲ್ಲಿ ಸುಮಾರು 750 ಬಂದರೆ ಸೆಲ್ ಸರಿಯಿದೆ. 1000 ತೋರಿಸುವ ಜೋಡಿಗಳು ಎದುರುಬದುರು ಮೂಲೆಗಳು: ಒಂದು E+ ಮತ್ತು E-, ಇನ್ನೊಂದು A+ ಮತ್ತು A-. ಯಾವುದಾದರೂ ಜೋಡಿ 3000 ಓಮ್ ಎಂದರೆ ಆ ಎರಡು ವೈರ್ ನಡುವಿನ ಗೇಜ್ ಹರಿದಿದೆ. ಸೆಲ್ ಬದಲಿಸಿ, ರಿಪೇರಿಗೆ ಕೂರಬೇಡಿ.

ಎದುರುಬದುರಾಗಬೇಕಾದ ವೈರ್‌ಗಳನ್ನು ಪಕ್ಕಪಕ್ಕದ್ದರೊಂದಿಗೆ ಕಲಸಿ ಜೋಡಿಸಿದರೆ HX711 ಓದು 8388607 ಅಥವಾ -8388608 ಎಂದು ಅಂಟಿಕೊಂಡು ಅಲ್ಲಾಡುವುದೇ ಇಲ್ಲ. ಬರೀ A+ ಮತ್ತು A- ಅದಲುಬದಲಾಗಿದ್ದರೆ ತೂಕ ಇಟ್ಟಾಗ ಓದು ಇಳಿಯುತ್ತದೆ, ಅಷ್ಟೇ. ಕರೆಂಟ್ ಕೊಟ್ಟ ಮೇಲೆ A+ ಮತ್ತು A- ಎರಡರಲ್ಲೂ E- ಗೆ ಹೋಲಿಸಿದರೆ ಎಕ್ಸೈಟೇಶನ್‌ನ, ಅಂದರೆ E+ ಮತ್ತು E- ನಡುವೆ ಕೊಟ್ಟ ವೋಲ್ಟೇಜ್‌ನ ಅರ್ಧ ಇರಬೇಕು. ಬೋರ್ಡ್ 4.3 ವೋಲ್ಟ್ ಕೊಡುತ್ತಿದ್ದರೆ ಹತ್ತಿರಹತ್ತಿರ 2.15.

ಕೂರಿಸುವಾಗಲೇ ಹೆಚ್ಚಿನವರು ಎಡವುವುದು. ಪಟ್ಟಿಯ ಒಂದು ತುದಿಯನ್ನು ತಳಕ್ಕೆ, ಇನ್ನೊಂದನ್ನು ತಟ್ಟೆಗೆ ಬೋಲ್ಟ್ ಮಾಡಿ. ಎರಡೂ ಕಡೆ ದಪ್ಪ ವಾಷರ್ ಇಟ್ಟು ನಡುವಿನ ಭಾಗ ಏನನ್ನೂ ತಾಗದಂತೆ ಎರಡು ಮಿಲಿಮೀಟರ್ ಎತ್ತರಿಸಿ. ಬದಿಯ ಬಾಣ ಭಾರ ಬೀಳುವ ದಿಕ್ಕಿಗೆ, ಅಂದರೆ ಕೆಳಕ್ಕೆ ಇರಲಿ. ಪಟ್ಟಿ ಎಲ್ಲಾದರೂ ತಾಗಿದರೆ 3 ಕೆಜಿವರೆಗೆ ಸರಿಯಾಗಿ ತೂಗಿ ಆಮೇಲೆ ಕಡಿಮೆ ತೋರಿಸತೊಡಗುತ್ತದೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುತ್ತಾ ಸಂಜೆಯಾಗುವುದು ಇಲ್ಲೇ.

ಕ್ಯಾಲಿಬ್ರೇಶನ್‌ಗೆ ಮೊದಲು ಹತ್ತು ನಿಮಿಷ ಕರೆಂಟ್ ಕೊಟ್ಟು ಬಿಡಿ. ಆಮೇಲೆ:

```
scale.begin(DT, SCK);
scale.tare(20);
delay(15000); // ಈ 15 ಸೆಕೆಂಡ್‌ನಲ್ಲಿ 5 ಕೆಜಿ ಬಟ್ಟು ಇಡಿ
Serial.println(scale.get_value(20));
```

ಬಂದದ್ದು 1075000 ಎಂದಾದರೆ 5000 ರಿಂದ ಭಾಗಿಸಿ: ಗ್ರಾಂಗೆ 215. ಇದನ್ನು `scale.set_scale(215.0)` ಎಂದು ಕೊಡಿ. ಸಂಖ್ಯೆ ನಂಬಬಹುದೇ? ಪೂರ್ತಿ 10 ಕೆಜಿ ಭಾರಕ್ಕೆ ವೋಲ್ಟ್‌ಗೆ 1 ಮಿಲಿವೋಲ್ಟ್ ಕೊಡುವ ಸೆಲ್ 4.3 ವೋಲ್ಟ್‌ನಲ್ಲಿ ಗ್ರಾಂಗೆ 0.43 ಮೈಕ್ರೊವೋಲ್ಟ್ ಕೊಡುತ್ತದೆ. HX711 ನ ಒಂದು ಎಣಿಕೆ ಸುಮಾರು 2 ನ್ಯಾನೊವೋಲ್ಟ್. ಭಾಗಿಸಿದರೆ 215. ನಿಮ್ಮ ಸಂಖ್ಯೆ ಇದರ ಅರ್ಧದಷ್ಟೇ ಅಥವಾ ಅದಕ್ಕೂ ಕಡಿಮೆ ಬಂದರೆ ಸೆಲ್‌ನ ಸಾಮರ್ಥ್ಯ 20 ಕೆಜಿಯೋ ನೋಡಿ, ಇಲ್ಲವೇ ಪಟ್ಟಿ ತಾಗುತ್ತಿದೆ. ಬಳಿಕ 1 ಮತ್ತು 2 ಕೆಜಿ ಬಟ್ಟು ಇಟ್ಟು ಪರೀಕ್ಷಿಸಿ, ಒಂದೇ ಬಟ್ಟನ್ನು ತಟ್ಟೆಯ ನಾಲ್ಕೂ ಮೂಲೆಯಲ್ಲಿಟ್ಟು ನೋಡಿ.

ಮಲೆನಾಡಿನಲ್ಲಿ ಇನ್ನೊಂದು ಪರೀಕ್ಷೆ ಮಳೆಗಾಲದ್ದು. ತಟ್ಟೆ ಖಾಲಿ ಇದ್ದೂ ಸೊನ್ನೆ ಒಂದೇ ಕಡೆಗೆ ಜಾರುತ್ತಿದ್ದರೆ ಗೇಜ್‌ಗೆ ತೇವ ಹಿಡಿದಿರಬಹುದು. ವೈರ್ ಬಿಚ್ಚಿ ಮಲ್ಟಿಮೀಟರನ್ನು ಮೆಗಾಓಮ್‌ಗೆ ತಿರುಗಿಸಿ, ಯಾವುದಾದರೂ ವೈರ್ ಮತ್ತು ಪಟ್ಟಿಯ ಬರಿಯ ಲೋಹದ ನಡುವೆ ಅಳೆಯಿರಿ. ಅಳತೆಯೇ ಬರಬಾರದು, ಕೆಲವು ಮೆಗಾಓಮ್ ಬಂದರೂ ತೇವ ಇದೆ ಎಂದೇ ಅರ್ಥ. ಒಣಗಿಸಿ, ಗೇಜ್ ಮೇಲಿನ ಹೊದಿಕೆಯ ಅಂಚಿಗೆ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಬೇಡ, ಅದರ ಆಮ್ಲ ವೈರ್ ಬೆಸುಗೆಯನ್ನೇ ತಿನ್ನುತ್ತದೆ.